ಪಗಾರ ಬರೆದ ಬೋರ್ಡು

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಊರು ಮುಗಿಯುವ ಮೊದಲೇ ಉದ್ಯಮಬಾಗ ಸಿಗುತ್ತದೆ. ಎರಕ ಹೊಯ್ಯುವ ಫೌಂಡ್ರಿಗಳು, ಆ ಎರಕವನ್ನು ಅಳತೆಗೆ ತರುವ ಮಷಿನ್ ಶಾಪುಗಳು, ಹೈಡ್ರಾಲಿಕ್ ಪಂಪು, ವಾಲ್ವುಗಳ ಭಾಗ ಮಾಡುವ ಸಣ್ಣ ಘಟಕಗಳು ಒಂದಕ್ಕೊಂದು ಅಂಟಿಕೊಂಡಂತಿವೆ. ಮುಂದೆ ಮಚ್ಛೆಯವರೆಗೂ ಇದೇ ಸಾಲು. ಇವುಗಳ ಗೇಟಿನ ಮೇಲೆ ತೂಗುವ ಫ್ಲೆಕ್ಸಿನಲ್ಲಿ, ಪತ್ರಿಕೆಯ ಕಿರುಜಾಹೀರಾತಿನಲ್ಲಿ, ಐಟಿಐ ಹುಡುಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕಾಣುವ ಒಕ್ಕಣೆ ಹೆಚ್ಚುಕಡಿಮೆ ಒಂದೇ: “ಸಿಎನ್‌ಸಿ ಆಪರೇಟರ್ ಬೇಕಾಗಿದ್ದಾರೆ. ಅನುಭವ ಇದ್ದವರಿಗೆ ಆದ್ಯತೆ. ಆಕರ್ಷಕ ಸಂಬಳ. ಕೂಡಲೇ ಸಂಪರ್ಕಿಸಿ.”

ಆ ನಂಬರಿಗೆ ಫೋನು ಮಾಡಿದರೆ ನಡೆಯುವ ಮಾತೂ ಗೊತ್ತಿರುವಂಥದ್ದೇ. “ಪಗಾರ ಎಷ್ಟ್ ಐತ್ರೀ ಸಾಹೇಬ್ರ?” “ಮೊದ್ಲ ಬಾ ತಮ್ಮಾ, ಕೆಲ್ಸಾ ನೋಡೂಣು, ಆಮ್ಯಾಲೆ ಮಾತಾಡೂಣು.” ಕೇಳಿದವನು ಖಾನಾಪುರದ ಆಚೆ ನಂದಗಡದಲ್ಲೋ ಗುಂಜಿಯಲ್ಲೋ ಇದ್ದರೆ ಆ ‘ಮೊದ್ಲ ಬಾ’ ಎಂಬುದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಬಂದವನಿಗೆ ಮಧ್ಯಾಹ್ನದ ಹೊತ್ತಿಗೆ ಅಂಕಿ ಗೊತ್ತಾಗುತ್ತದೆ. ಅದು ತನಗೆ ಆಗಿಬರುವುದಿಲ್ಲ ಎಂದು ತಿಳಿದು ಹಿಂತಿರುಗುತ್ತಾನೆ. ಮಾಲೀಕರೂ ಅರ್ಧ ದಿನ ಕಳೆದುಕೊಂಡಿರುತ್ತಾರೆ. ಮುಂದಿನ ವಾರ ಮತ್ತೆ ಅದೇ ಫ್ಲೆಕ್ಸು.

ಪಗಾರದ ವ್ಯಾಪ್ತಿಯನ್ನು, ಅಂದರೆ ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಎಂಬುದನ್ನು, ಜಾಹೀರಾತಿನಲ್ಲೇ ಅಚ್ಚು ಹಾಕಿದರೆ ಏನಾಗುತ್ತದೆ? ಬರುವವರ ಸಂಖ್ಯೆ ಇಳಿಯಬಹುದು. ಆದರೆ ಬಂದವರಲ್ಲಿ ಕೆಲಸಕ್ಕೆ ನಿಲ್ಲುವವರ ಪಾಲು ಏರುತ್ತದೆ. ಇದು ಒಳ್ಳೆಯತನದ ಪ್ರಶ್ನೆಯಷ್ಟೇ ಅಲ್ಲ. ಆಯ್ಕೆಯ ಮೊದಲ ಸುತ್ತನ್ನು ಅರ್ಜಿದಾರನೇ ತನ್ನ ಮನೆಯಲ್ಲಿ ಕೂತು ಮುಗಿಸಿಬಿಡುತ್ತಾನೆ. ಅವನ ಲೆಕ್ಕ ಅವನಿಗಷ್ಟೇ ಗೊತ್ತು: ಮನೆಯಿಂದ ಎಷ್ಟು ದೂರ, ಈಗ ಎಷ್ಟು ಸಿಗುತ್ತಿದೆ, ರಾತ್ರಿ ಪಾಳಿ ಆಗುತ್ತದೋ ಇಲ್ಲವೋ. ಅಂಕಿ ಮುಚ್ಚಿಟ್ಟಾಗ ಆ ಲೆಕ್ಕವನ್ನು ಮಾಲೀಕರು ಕುರ್ಚಿಯಲ್ಲಿ ಕೂತು ಊಹಿಸಬೇಕಾಗುತ್ತದೆ. ಮುಚ್ಚಿಟ್ಟ ಅಂಕಿಗೆ ಇನ್ನೊಂದು ಕೆಡುಕೂ ಇದೆ. ಕೈಯಲ್ಲಿ ಒಳ್ಳೆಯ ಕೆಲಸ ಇರುವವನು ಗೊತ್ತಿಲ್ಲದ ಪಗಾರಕ್ಕಾಗಿ ರಜೆ ಹಾಕಿ ಬರುವುದಿಲ್ಲ. ಬರುವವನು ಹೆಚ್ಚಾಗಿ ಏನೂ ಇಲ್ಲದವನು. ಅನುಭವಿ ಬೇಕು ಎನ್ನುವ ಜಾಹೀರಾತೇ ಅನುಭವಿಯನ್ನು ಮನೆಯಲ್ಲಿ ಕೂರಿಸುತ್ತದೆ.

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ಹನ್ನೆರಡು ಆಪರೇಟರುಗಳಿರುವ ಒಂದು ಮಷಿನ್ ಶಾಪು, ಸಿಎನ್‌ಸಿ ಲೇತಿಗೆ ಮೂವರು ಬೇಕು ಎಂದುಕೊಳ್ಳಿ. ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ನಾನು ಹಿಡಿದವು, ಯಾವ ಕಾರ್ಖಾನೆಯವೂ ಅಲ್ಲ. ಪಗಾರ ತಿಂಗಳಿಗೆ 18,000ದಿಂದ 26,000 ರೂಪಾಯಿ. ಇಷ್ಟನ್ನೇ ಬರೆದರೆ ಅರ್ಧ ಕೆಲಸ ಮಾಡಿದಂತೆ. ಓದಿದ ಪ್ರತಿಯೊಬ್ಬನೂ 26,000ವನ್ನು ಮಾತ್ರ ಓದುತ್ತಾನೆ, ಮಾಲೀಕರು 18,000 ಎಂದೊಡನೆ ಮುಖ ಸಣ್ಣದು ಮಾಡುತ್ತಾನೆ. ಹೀಗಾಗಿಯೇ ಎಷ್ಟೋ ಮಂದಿ ಒಮ್ಮೆ ಅಂಕಿ ಹಾಕಿ ನೋಡಿ, ಜಗಳವೇ ಜಾಸ್ತಿಯಾಯಿತೆಂದು ಕೈಬಿಡುವುದು. ತಪ್ಪು ಅಂಕಿಯದಲ್ಲ. ಎರಡು ತುದಿಗಳ ನಡುವೆ ಮೆಟ್ಟಿಲು ಬರೆದಿರಲಿಲ್ಲ.

ಮೆಟ್ಟಿಲು ಎಂದರೆ ಯಾವ ಕೈಚಳಕಕ್ಕೆ ಯಾವ ದರ ಎಂಬುದು. ಸೆಟ್ಟಿಂಗ್ ಆಗಿರುವ ಮಷಿನ್ನಿನಲ್ಲಿ ಜಾಬ್ ಹಾಕಿ ತೆಗೆಯಲು, ವರ್ನಿಯರ್ ಮತ್ತು ಮೈಕ್ರೊಮೀಟರಿನಲ್ಲಿ ಅಳೆಯಲು ಬಂದರೆ 18,000. ಇನ್ಸರ್ಟ್ ಸವೆದದ್ದನ್ನು ತಾನೇ ಗುರುತಿಸಿ ಬದಲಿಸಿ, ಆಫ್‌ಸೆಟ್ ಕೊಟ್ಟು, ಇಡೀ ಪಾಳಿ ಅಳತೆ ಹಿಡಿದಿಟ್ಟರೆ 22,000. ಡ್ರಾಯಿಂಗ್ ನೋಡಿ ಹೊಸ ಜಾಬ್ ಸೆಟ್ ಮಾಡಿ, ಸಾಫ್ಟ್ ಜಾ ಬೋರ್ ಮಾಡಿ, ಮೊದಲ ಪೀಸ್ ಪಾಸ್ ಮಾಡಿಸಿ, ಪ್ರೋಗ್ರಾಮಿನಲ್ಲಿ ಸಣ್ಣ ತಿದ್ದುಪಡಿ ಮಾಡಬಲ್ಲವನಿಗೆ 26,000. ಈ ಮೂರು ಸಾಲು ಓದಿದ ಹುಡುಗ ತನ್ನ ಜಾಗ ಯಾವುದೆಂದು ತಾನೇ ಹೇಳಿಕೊಳ್ಳುತ್ತಾನೆ. ಸುಳ್ಳು ಹೇಳಿದರೆ ಹಿಡಿಯುವುದೂ ಸುಲಭ, ಏಕೆಂದರೆ ಪ್ರತಿ ಮೆಟ್ಟಿಲನ್ನೂ ಮೇಜಿನ ಮೇಲೆ ಪರೀಕ್ಷಿಸಬಹುದು.

ಮೊದಲ ಮೆಟ್ಟಿಲಿನ ಪರೀಕ್ಷೆಗೆ ಒಂದು ತಿರುಗಿಸಿದ ಪೀಸು, ಒಂದು ಮೈಕ್ರೊಮೀಟರು ಸಾಕು. ಅನುಭವಿ ಮೊದಲು ಆನ್ವಿಲ್, ಸ್ಪಿಂಡಲ್ ಎರಡರ ಮುಖಗಳನ್ನೂ ಒರೆಸುತ್ತಾನೆ, ಸೊನ್ನೆ ಸರಿಯಿದೆಯೇ ನೋಡುತ್ತಾನೆ, ಥಿಂಬಲನ್ನು ಹಿಡಿದು ಬಿಗಿಯದೆ ಕೊನೆಯಲ್ಲಿ ರ‍್ಯಾಚೆಟ್ ತಿರುಗಿಸಿ ಅದರ ಕಟಕಟ ಸದ್ದು ಬಂದ ಮೇಲೆ ನಿಲ್ಲಿಸುತ್ತಾನೆ. 24.98 ಮಿ.ಮೀ. ಇರುವ ಪೀಸನ್ನು ಹೊಸಬ 24.48 ಎಂದು ಓದಿಬಿಡುವುದು ಬಹಳ ಸಾಮಾನ್ಯ. ಸ್ಲೀವಿನ ಮೇಲಿನ ಅರ್ಧ ಮಿಲಿಮೀಟರಿನ ಗೆರೆ ಅವನ ಕಣ್ಣಿಗೆ ಬಿದ್ದಿರುವುದಿಲ್ಲ. ಅದೇ ಪೀಸನ್ನು ಮೂರು ಸಲ ಅಳೆಸಿ, ಮೂರು ಸಲವೂ ನೂರನೇ ಒಂದೆರಡು ಭಾಗದೊಳಗೆ ಒಂದೇ ಉತ್ತರ ಬಂದರೆ ಆತ ನಿಜಕ್ಕೂ ಅಳೆಯಬಲ್ಲ. ಹತ್ತು ನಿಮಿಷದ ಈ ಕೆಲಸ ‘ಎಷ್ಟು ವರ್ಷದ ಅನುಭವ’ ಎಂಬ ಪ್ರಶ್ನೆಗಿಂತ ಹೆಚ್ಚು ಹೇಳುತ್ತದೆ. ವರ್ಷಕ್ಕೆ ದರ ಕಟ್ಟುವುದನ್ನು ಬಿಟ್ಟು ಕೈಕೆಲಸಕ್ಕೆ ಕಟ್ಟಬೇಕೆಂದು ನಾನು ಹೇಳುವುದು ಇದಕ್ಕೇ.

ಮೇಲಿನ ತುದಿ ಕೆಳಗಿನದಕ್ಕಿಂತ ಒಂದೂವರೆ ಪಟ್ಟಿನೊಳಗಿದ್ದರೆ ಅದು ಒಂದು ಹುದ್ದೆಯ ವ್ಯಾಪ್ತಿ. 15,000ದಿಂದ 40,000 ಎಂದು ಬರೆದರೆ ಅದು ಎರಡು ಮೂರು ಹುದ್ದೆಗಳನ್ನು ಒಂದೇ ಸಾಲಿಗೆ ತುರುಕಿದ್ದು. ಅಂಕಿ ಹೇಳಿಯೂ ಏನೂ ಹೇಳದಂತೆ. ನ್ಯೂಯಾರ್ಕ್ ನಗರದಲ್ಲಿ 2022ರ ನವೆಂಬರಿನಲ್ಲಿ ಜಾಹೀರಾತಿನಲ್ಲಿ ವೇತನದ ವ್ಯಾಪ್ತಿ ಕಡ್ಡಾಯವಾದ ಮೊದಲ ದಿನಗಳಲ್ಲಿ ದೊಡ್ಡದೊಂದು ಬ್ಯಾಂಕಿನ ಜಾಹೀರಾತಿನಲ್ಲಿ ಸೊನ್ನೆಯಿಂದ 20 ಲಕ್ಷ ಡಾಲರ್ ಎಂದು ಕಾಣಿಸಿಕೊಂಡಿತ್ತು. ಅದು ತಾಂತ್ರಿಕ ದೋಷವೆಂದು ಹೇಳಿ ಆಮೇಲೆ ತಿದ್ದಿದರು. ಅಂಥ ದೋಷವಿಲ್ಲದೆಯೂ ಅಗಲ ಚಾಪೆ ಹಾಸಿದವರು ಆಗ ಬಹಳ ಮಂದಿ ಇದ್ದರು.

ಇನ್ನು 18,000 ಎಂದರೆ ಯಾವ 18,000? ಕಾರ್ಮಿಕನಿಗೆ ಬೇಕಾದದ್ದು ಕೈಗೆ ಬರುವ ದುಡ್ಡು. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 15,000, ಮನೆ ಬಾಡಿಗೆ ಭತ್ಯೆ 3,000 ಎಂದುಕೊಂಡರೆ ಪಿಎಫ್‌ಗೆ ಶೇ 12ರಂತೆ 1,800 ಕಡಿತ. ಇಎಸ್‌ಐಗೆ ಶೇ 0.75, ಅಂದರೆ 135. ಕೈಗೆ ಬರುವುದು 16,065. ಇದೇ ಮನುಷ್ಯನನ್ನು ‘ಸಿಟಿಸಿ 22,500’ ಎಂದೂ ಜಾಹೀರಾತು ಮಾಡಬಹುದು: ಮಾಲೀಕರ ಪಾಲಿನ ಪಿಎಫ್ ಮತ್ತು ಅದರ ಆಡಳಿತ ವೆಚ್ಚ 1,950, ಇಎಸ್‌ಐ 585, ಬೋನಸ್ಸಿನ ತಿಂಗಳ ಪಾಲು 1,250, ಗ್ರಾಚ್ಯುಟಿಗೆ ಎತ್ತಿಡುವ 720 ಸೇರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಸುಳ್ಳೇನೂ ಇಲ್ಲ. ಆದರೆ 22,500 ಎಂದು ಓದಿ ಬಂದವನು ಮೊದಲ ತಿಂಗಳು ಬ್ಯಾಂಕಿನಲ್ಲಿ 16,065 ನೋಡಿದ ದಿನವೇ ಬೇರೆ ಕೆಲಸ ಹುಡುಕಲು ಶುರು ಮಾಡುತ್ತಾನೆ. ಬೋರ್ಡಿನಲ್ಲಿ ಒಟ್ಟು ಪಗಾರವನ್ನೂ ಕೈಗೆ ಬರುವುದನ್ನೂ ಅಕ್ಕಪಕ್ಕ ಬರೆಯುವುದು ಒಂದೇ ದಾರಿ.

ಮೇಲಿನ ಮೆಟ್ಟಿಲಲ್ಲಿ ಇನ್ನೊಂದು ಸಿಕ್ಕು ಇದೆ. ಇಎಸ್‌ಐ ಈಗ ಅನ್ವಯವಾಗುವುದು 21,000 ರೂಪಾಯಿವರೆಗಿನ ವೇತನಕ್ಕೆ. 20,500 ಪಡೆಯುವವನು 22,000ದ ಕೆಲಸಕ್ಕೆ ಬಂದರೆ ಅವನ ಮನೆಯವರ ಆಸ್ಪತ್ರೆಯ ಆಸರೆ ಮುಂದೆ ತಪ್ಪುತ್ತದೆ. ಮನೆಯಲ್ಲಿ ಡಯಾಲಿಸಿಸ್‌ನವರೋ ಬಸುರಿಯೋ ಇದ್ದರೆ ಆ ಒಂದೂವರೆ ಸಾವಿರದ ಏರಿಕೆ ಏರಿಕೆಯೇ ಅಲ್ಲ. 22,000 ಎಂದು ಬರೆಯುವ ಮಾಲೀಕರು ಅದರ ಪಕ್ಕದಲ್ಲಿ ಕುಟುಂಬಕ್ಕೆ ವಿಮೆ ಇದೆಯೋ ಇಲ್ಲವೋ ಎಂದೂ ಬರೆಯಬೇಕು. ಬರೆಯದಿದ್ದರೆ, ಒಪ್ಪಿಕೊಂಡ ಮೇಲೂ ಕೆಲಸಕ್ಕೆ ಹಾಜರಾಗದವರ ಕಾರಣ ಅವರಿಗೆ ಎಂದೂ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ತಾಸುಗಳು. ಪಕ್ಕದ ಶೆಡ್ಡಿನವರು 24,000 ಎಂದು ಬೋರ್ಡು ಹಾಕಿದ್ದಾರೆ, ಆದರೆ ಪಾಳಿ ಹನ್ನೆರಡು ತಾಸಿನದು ಎಂದುಕೊಳ್ಳಿ. 18,000ಕ್ಕೆ ದಿನಕ್ಕೆ ಎಂಟು ತಾಸಿನಂತೆ ಇಪ್ಪತ್ತಾರು ದಿನ ದುಡಿದರೆ 208 ತಾಸು. ತಾಸಿಗೆ ಸುಮಾರು 87 ರೂಪಾಯಿ. 24,000ಕ್ಕೆ ಹನ್ನೆರಡು ತಾಸಿನಂತೆ 312 ತಾಸು, ತಾಸಿಗೆ 77. ದೊಡ್ಡ ಅಂಕಿಯೇ ಸಣ್ಣದಾಯಿತು. ಓಟಿಗೆ ಎರಡು ಪಟ್ಟು ಕೊಡಬೇಕೆಂದು ಕಾರ್ಖಾನೆ ಕಾನೂನು 1948ರಿಂದಲೂ ಹೇಳುತ್ತಿದೆ. ಹಾಗೆ ನೋಡಿದರೆ ಹೆಚ್ಚಿನ ನಾಲ್ಕು ತಾಸು ಎಂಟು ತಾಸಿಗೆ ಸಮ. ಆಗ ಆ 24,000 ಎಂಟು ತಾಸಿನ ಕೆಲಸಕ್ಕೆ ಬರೀ 12,000ದಷ್ಟೇ. ಆದ್ದರಿಂದ ಪಗಾರ ಬರೆಯುವ ಬೋರ್ಡಿನಲ್ಲಿ ‘ಎಂಟು ತಾಸಿಗೆ, ಓಟಿ ಬೇರೆ, ದುಪ್ಪಟ್ಟು’ ಎಂಬ ಐದು ಪದ ಇರದಿದ್ದರೆ ಪ್ರಾಮಾಣಿಕ ಮಾಲೀಕರ ಅಂಕಿಯೇ ಕಡಿಮೆ ಕಾಣುತ್ತದೆ. ರಾಜ್ಯದ ಕನಿಷ್ಠ ವೇತನದ ದರ ತುಟ್ಟಿಭತ್ಯೆಯೊಡನೆ ಬದಲಾಗುತ್ತಲೇ ಇರುತ್ತದೆ. ಕೆಳಗಿನ ಮೆಟ್ಟಿಲು ಅದಕ್ಕಿಂತ ಮೇಲಿದೆಯೇ ಎಂದು ಅಚ್ಚಿಗೆ ಕಳಿಸುವ ಮೊದಲು ನೋಡಿಕೊಳ್ಳಬೇಕು.

ಈಗ ಖಾನಾಪುರದ ಹುಡುಗನ ಕಡೆಯಿಂದ ನೋಡೋಣ. ಅವನೂರಿನಿಂದ ಉದ್ಯಮಬಾಗಕ್ಕೆ ಹೋಗಿ ಬರಲು ಸುಮಾರು 50 ಕಿ.ಮೀ.; ಬೈಕಿಗೆ ದಿನಕ್ಕೊಂದು ಲೀಟರ್ ಪೆಟ್ರೋಲು. ನೂರು ರೂಪಾಯಿ ಹಿಡಿದರೂ ತಿಂಗಳಿಗೆ 2,600. ಕೈಗೆ ಬಂದ 16,065ರಲ್ಲಿ ಮನೆಗೆ ಮುಟ್ಟುವುದು 13,465. ದೇಸೂರು, ಇದಲಹೊಂಡದ ಮೇಲೆ ಹಾಯುವ ರೈಲಿನ ಪಾಸು, ಬಸ್ಸಿನ ಪಾಸು ಇದಕ್ಕಿಂತ ಎಷ್ಟೋ ಅಗ್ಗ, ನಿಜ. ಆದರೆ ನಡುರಾತ್ರಿ ಮುಗಿಯುವ ಎರಡನೇ ಪಾಳಿಯವನಿಗೆ ಅವು ಉಪಯೋಗಕ್ಕಿಲ್ಲ. ಮಳೆಗಾಲದಲ್ಲಿ ಖಾನಾಪುರದ ಮಳೆ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಆ ಹೊತ್ತಿನ ಬೈಕು ಪ್ರಯಾಣವನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಕಡೆ ಗೋವಾ ಕರೆಯುತ್ತಿರುತ್ತದೆ. ಅಲ್ಲಿ ಉಳಿಯಲು ಖೋಲಿ ಕೊಡುವ ಕೆಲಸ ಸಿಕ್ಕರೆ ಸ್ವಲ್ಪ ಕಡಿಮೆ ಪಗಾರವೂ ಆದೀತು ಎನ್ನುವವರು ತಾಲ್ಲೂಕಿನಲ್ಲಿ ಇದ್ದಾರೆ.

ಅಂಕಿ, ತಾಸು, ಪಾಳಿ ಮೂರೂ ಬರೆದಿದ್ದರೆ ಈ ಲೆಕ್ಕವನ್ನು ಅವನು ಊರಿನ ಕಟ್ಟೆಯ ಮೇಲೆ ಮಾಡಿ ಮುಗಿಸುತ್ತಾನೆ. ಮೊದಲ ಮೆಟ್ಟಿಲಿನ ಕೆಲಸ ಖಾನಾಪುರದವನಿಗೆ ಪೂರೈಸದು. ಅದೇ ಅಂಕಿ ಪೀರನವಾಡಿಯಲ್ಲೋ ಮಚ್ಛೆಯಲ್ಲೋ ಇರುವ, ಸೈಕಲ್ಲಿನಲ್ಲಿ ಬರುವ ಹುಡುಗನಿಗೆ ಒಳ್ಳೆಯದು. ಮೂರನೇ ಮೆಟ್ಟಿಲಿನ ಕೆಲಸಕ್ಕಾದರೆ ಖಾನಾಪುರದ ಸೆಟ್ಟರೂ ಬರುತ್ತಾನೆ: 26,000ರಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದು ಕೈಗೆ 24,000, ಪೆಟ್ರೋಲು ಹೋಗಿ 21,400. ಯಾರು ಬರಬೇಕೋ ಅವರು ಬರುವುದು ಎಂದರೆ ಇದು. ಮಾಲೀಕರು ಯಾರನ್ನೂ ತಿರಸ್ಕರಿಸಲಿಲ್ಲ, ಯಾರ ಕೂಲಿಯೂ ಮುರಿಯಲಿಲ್ಲ.

ಅಚ್ಚಾದ ಅಂಕಿ ಬರುವವರನ್ನು ಬದಲಿಸುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಮೆಕ್ಸಿಕೊದಿಂದ ಇದೆ. 2011ರಲ್ಲಿ ಅಲ್ಲಿನ ಸರ್ಕಾರ ತೀರಾ ಬಡ ಪ್ರದೇಶಗಳಲ್ಲಿ ಅಭಿವೃದ್ಧಿ ಕೆಲಸಕ್ಕೆ ಜನರನ್ನು ಸೇರಿಸಿಕೊಳ್ಳುವಾಗ ಕೆಲವು ಊರುಗಳಲ್ಲಿ ತಿಂಗಳಿಗೆ 3,750 ಪೆಸೊ ಎಂದೂ ಇನ್ನು ಕೆಲವು ಊರುಗಳಲ್ಲಿ 5,000 ಪೆಸೊ ಎಂದೂ ಪ್ರಕಟಿಸಿತು. ಯಾವ ಊರಿಗೆ ಯಾವ ಅಂಕಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ದಾಲ್ ಬೊ, ಫಿನಾನ್, ರೊಸ್ಸಿ ಎಂಬ ಅರ್ಥಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೆಚ್ಚಿನ ಅಂಕಿ ಕಂಡ ಊರುಗಳಲ್ಲಿ ಅರ್ಜಿ ಹಾಕಿದವರ ಬುದ್ಧಿಶಕ್ತಿಯ ಅಂಕ ಹೆಚ್ಚಿತ್ತು, ಅವರು ಹಿಂದಿನ ಕೆಲಸದಲ್ಲಿ ಗಳಿಸುತ್ತಿದ್ದುದೂ ಹೆಚ್ಚಿತ್ತು, ಕರೆದಾಗ ಒಪ್ಪಿಕೊಂಡವರೂ ಹೆಚ್ಚು. ದೂರದ, ಕಷ್ಟದ ಜಾಗಗಳಿಗೆ ಜನ ಸಿಗದ ತೊಂದರೆಯನ್ನೂ ಆ ಅಂಕಿ ಕಡಿಮೆ ಮಾಡಿತು. ಜನಸೇವೆಯ ಮನಸ್ಸಿನವರು ದುಡ್ಡಿನ ಮಾತು ಕೇಳಿ ದೂರ ಸರಿದರೇ ಎಂದೂ ನೋಡಿದರು, ಹಾಗಾಗಿರಲಿಲ್ಲ. ಈ ಪ್ರಯೋಗ ಅಂಕಿ ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ನಡುವಿನದಲ್ಲ, ಕಡಿಮೆಗೂ ಹೆಚ್ಚಿಗೂ ನಡುವಿನದು ಎಂಬುದನ್ನು ಮರೆಯಬಾರದು.

ಬರೀ ಅಂಕಿ ಹಾಕಿದರೆ ಸಾಲದು ಎನ್ನುವುದಕ್ಕೆ ನಮ್ಮ ಸರ್ಕಾರಿ ಅಧಿಸೂಚನೆಗಳೇ ಸಾಕ್ಷಿ. ಪಗಾರದ ಶ್ರೇಣಿ ಬರೆಯದ ಸರ್ಕಾರಿ ಜಾಹೀರಾತು ಅಪರೂಪ. 2024ರಲ್ಲಿ ಸಾವಿರ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳಿಗೆ ಕರೆದಾಗಲೂ 21,400–42,000 ರೂಪಾಯಿಯ ಶ್ರೇಣಿಯನ್ನು ಸ್ಪಷ್ಟವಾಗಿ ಹೇಳಲಾಗಿತ್ತು. ಪಿಯುಸಿ ಸಾಕಾದ ಆ ಕೆಲಸಕ್ಕೆ ಪದವೀಧರರೂ ಸೇರಿ ಲಕ್ಷಗಟ್ಟಲೆ ಮಂದಿ ಅರ್ಜಿ ಹಾಕಿದರು. ಅಲ್ಲಿ ಶ್ರೇಣಿ ಯಾರನ್ನೂ ಸೋಸುವುದಿಲ್ಲ. ಆ ಅಂಕಿಯ ಹಿಂದೆ ಹೊರಗೆ ಸಿಗದ ಭದ್ರತೆ ಇದೆ, ಮತ್ತು ಶ್ರೇಣಿಯೊಳಗೆ ಮೇಲೇರುವುದು ಕೈಚಳಕದಿಂದಲ್ಲ, ಸೇವೆಯ ವರ್ಷದಿಂದ. ಉದ್ಯಮಬಾಗದ ಶೆಡ್ಡಿನಲ್ಲಿ ಎರಡೂ ತಿರುಗುಮುರುಗು. ಅಂಕಿ ಅಲ್ಲಿ ಸೋಸುತ್ತದೆ ಎಂದು ನಾನು ನಂಬುವುದು ಆ ಕಾರಣಕ್ಕೆ.

ಮಾಲೀಕರು ಅಂಕಿ ಬರೆಯಲು ಹಿಂಜರಿಯುವುದು ಏಕೆ? ಪಕ್ಕದವನು ನೂರು ರೂಪಾಯಿ ಹೆಚ್ಚು ಕೊಟ್ಟು ಹುಡುಗರನ್ನು ಎಳೆದುಕೊಳ್ಳುತ್ತಾನೆ ಎಂಬುದು ಬಾಯಲ್ಲಿ ಹೇಳುವ ಕಾರಣ. ಪಕ್ಕದವನಿಗೆ ಅಂಕಿ ಹೇಗೂ ಗೊತ್ತಿರುತ್ತದೆ. ಚಹಾದಂಗಡಿಯಲ್ಲಿ ಅದು ಗುಟ್ಟಲ್ಲ. ನಿಜವಾದ ಅಂಜಿಕೆ ಒಳಗಿನವರದು. ನಮ್ಮ ಉದಾಹರಣೆಯ ಹನ್ನೆರಡು ಮಂದಿಯಲ್ಲಿ ನಾಲ್ವರು ಎಂಟು ಹತ್ತು ವರ್ಷದಿಂದ ಇದ್ದಾರೆ, ಎರಡನೇ ಮೆಟ್ಟಿಲಿನ ಕೆಲಸ ಮಾಡುತ್ತಾರೆ, ಆದರೆ ವರ್ಷಕ್ಕೆ ಅಷ್ಟಿಷ್ಟು ಏರಿ ಇನ್ನೂ 18,500ರಲ್ಲೇ ನಿಂತಿದ್ದಾರೆ. ಗೇಟಿನ ಮೇಲೆ ಅದೇ ಕೆಲಸಕ್ಕೆ 22,000 ಎಂದು ತೂಗಿದ ದಿನ ಅವರು ಆಫೀಸಿನ ಬಾಗಿಲಲ್ಲಿ ನಿಲ್ಲುತ್ತಾರೆ. ನಿಲ್ಲಬೇಕಾದದ್ದೇ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಮೇಲೆ ಅರ್ಥಶಾಸ್ತ್ರಜ್ಞ ಕಾರ್ಡ್ ಮತ್ತು ಸಂಗಡಿಗರು ಮಾಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಸಹೋದ್ಯೋಗಿಗಳ ವೇತನ ನೋಡಬಹುದಾದ ಜಾಲತಾಣವೊಂದಿದೆ ಎಂದು ಕೆಲವರಿಗಷ್ಟೇ ತಿಳಿಸಿದರು. ತಿಳಿದವರಲ್ಲಿ ಮಧ್ಯಮಕ್ಕಿಂತ ಕಡಿಮೆ ಪಡೆಯುತ್ತಿದ್ದವರ ತೃಪ್ತಿ ಇಳಿಯಿತು, ಬೇರೆ ಕೆಲಸ ಹುಡುಕುವ ಮನಸ್ಸು ಹೆಚ್ಚಿತು. ಹೆಚ್ಚು ಪಡೆಯುತ್ತಿದ್ದವರಲ್ಲಿ ಅಷ್ಟೇ ಖುಷಿಯೇನೂ ಮೂಡಲಿಲ್ಲ. ಅಂದರೆ ಒಳಗಿನ ಲೆಕ್ಕ ಸರಿಮಾಡದೆ ಹೊರಗೆ ಬೋರ್ಡು ಹಾಕಿದರೆ ಸಿಗುವ ಹೊಸಬರಿಗಿಂತ ಹೋಗುವ ಹಳಬರೇ ಹೆಚ್ಚಾಗಬಹುದು.

ಆದ್ದರಿಂದ ಕ್ರಮ ಹಿಂದುಮುಂದಾಗಬಾರದು. ಮೊದಲು ಹನ್ನೆರಡು ಹೆಸರನ್ನೂ ಆ ಮೂರು ಮೆಟ್ಟಿಲುಗಳ ಮೇಲೆ ಇಡಬೇಕು, ಸೂಪರ್‌ವೈಸರ್ ಒಬ್ಬನ ಮಾತಿನ ಮೇಲಲ್ಲ, ಹೊಸಬನಿಗೆ ಕೊಡುವ ಅದೇ ಮೇಜಿನ ಪರೀಕ್ಷೆಯಿಂದ. ನಾಲ್ವರಿಗೂ 3,500 ಏರಿಸಿದರೆ ತಿಂಗಳಿಗೆ 14,000ದ ಹೊರೆ. ಅದನ್ನು ಒಮ್ಮೆಗೇ ಹೊರಲಾಗದಿದ್ದರೆ ಇಂಥ ತಿಂಗಳೊಳಗೆ ಎಂದು ಬರಹದಲ್ಲಿ ಕೊಟ್ಟು ಎರಡು ಕಂತಿನಲ್ಲಿ ಮಾಡಬಹುದು. ಅವರಿಗೆ ಹೇಳಿದ ಮೇಲೆಯೇ ಫ್ಲೆಕ್ಸಿನವನಿಗೆ ಫೋನು ಮಾಡಬೇಕು. ಅಷ್ಟು ಹೊರಲು ಸಾಧ್ಯವೇ ಇಲ್ಲವೆಂದಾದರೆ ಹೊಸಬನಿಗೂ 22,000 ಕೊಡುವ ಶಕ್ತಿ ಆ ಶೆಡ್ಡಿಗೆ ಇಲ್ಲ ಎಂದೇ ಅರ್ಥ, ಮತ್ತು ಅದು ಬೋರ್ಡು ಬರೆಯುವ ಮೊದಲೇ ತಿಳಿದದ್ದು ಒಳ್ಳೆಯದೇ ಆಯಿತು.

ಬೋರ್ಡು ಕೆಲಸ ಮಾಡುತ್ತಿದೆಯೇ ಎಂದು ಫೋನುಗಳನ್ನು ಎಣಿಸಿ ತಿಳಿಯಲಾಗದು. ಬರುತ್ತೇನೆ ಎಂದವರಲ್ಲಿ ಎಷ್ಟು ಮಂದಿ ಬಂದರು, ಬಂದವರಲ್ಲಿ ಎಷ್ಟು ಮಂದಿ ಮೈಕ್ರೊಮೀಟರು ಸರಿಯಾಗಿ ಓದಿದರು, ಕೆಲಸ ಕೊಟ್ಟವರಲ್ಲಿ ಎಷ್ಟು ಮಂದಿ ಹಾಜರಾದರು, ಮೂರು ತಿಂಗಳ ಮೇಲೆ ಯಾರು ಉಳಿದರು, ಇವನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಬಂದವರೆಲ್ಲ 26,000ವನ್ನೇ ಕೇಳಿದರೆ ಮೆಟ್ಟಿಲು ಬರೆದಿಲ್ಲ ಅಥವಾ ಬರೆದದ್ದು ತಿಳಿಯುವಂತಿಲ್ಲ. ಅಳತೆ ಬಾರದವರೇ ಬರುತ್ತಿದ್ದರೆ ಅಂಕಿ ಸುತ್ತಲಿನ ದರಕ್ಕಿಂತ ಕೆಳಗಿದೆ. ಒಪ್ಪಿಕೊಂಡವರು ಹಾಜರಾಗದಿದ್ದರೆ ಪಾಳಿಯದೋ ಇಎಸ್‌ಐಯದೋ ಯಾವುದೋ ಮಾತು ಬೋರ್ಡಿನಲ್ಲಿ ಬಿಟ್ಟುಹೋಗಿದೆ.

ಕಾನೂನಿನ ಬಲ ನಮ್ಮಲ್ಲಿ ಅಷ್ಟಿಲ್ಲ. ಇಪ್ಪತ್ತೈದು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರ ಕಾಯ್ದೆ ಹೇಳಿತ್ತು. ಅದರ ನಮೂನೆಯಲ್ಲಿ ವೇತನ, ಭತ್ಯೆಯ ಕಾಲಮ್ಮೂ ಇತ್ತು. ಗೇಟಿನ ಮೇಲಿನ ಫ್ಲೆಕ್ಸಿಗೆ ಅಂಥ ನಿಯಮ ಯಾವುದೂ ಇಲ್ಲ. ಅಮೆರಿಕದ ಕೊಲರಾಡೊ ರಾಜ್ಯ 2021ರಿಂದ ಪ್ರತಿ ಜಾಹೀರಾತಿನಲ್ಲೂ ವ್ಯಾಪ್ತಿಯನ್ನು ಕೇಳುತ್ತದೆ. ಅರ್ಜಿದಾರನಿಗೆ ಸಂದರ್ಶನಕ್ಕೆ ಮೊದಲೇ ವೇತನದ ವ್ಯಾಪ್ತಿ ತಿಳಿಸಬೇಕು, ಅವನ ಹಿಂದಿನ ಪಗಾರವನ್ನು ಕೇಳಬಾರದು ಎನ್ನುವ ಯುರೋಪ್ ಒಕ್ಕೂಟದ ನಿರ್ದೇಶನಕ್ಕೆ ಸದಸ್ಯ ದೇಶಗಳು ಕಾನೂನು ಮಾಡಿಕೊಳ್ಳಲು ಇಟ್ಟ ಗಡುವು 2026ರ ಜೂನ್ 7. ಹಿಂದಿನ ಪಗಾರ ಕೇಳಬಾರದು ಎಂಬ ಎರಡನೇ ಮಾತು ಉದ್ಯಮಬಾಗಕ್ಕೆ ಮೊದಲನೆಯದರಷ್ಟೇ ಬೇಕಾದದ್ದು. ಮೂರನೇ ಮೆಟ್ಟಿಲಿನ ಕೆಲಸ ಬಲ್ಲ ಹುಡುಗ ಈಗ 15,000ಕ್ಕೆ ದುಡಿಯುತ್ತಿದ್ದಾನೆ ಎಂದು ತಿಳಿದೊಡನೆ ಅವನಿಗೆ 18,000 ಸಾಕೆನ್ನುವ ಮಾಲೀಕರು, ತಾವೇ ಬರೆದ ಬೋರ್ಡನ್ನು ಅಲ್ಲಿಯೇ ಅಳಿಸಿದಂತಾಗುತ್ತದೆ. ಆ ಸುದ್ದಿ ಅದೇ ಸಂಜೆಯ ಬಸ್ಸಿನಲ್ಲಿ ಖಾನಾಪುರ ಮುಟ್ಟುತ್ತದೆ.